ಹದಿನೆಂಟೇ ಜನ ಯಾಕೆ?

(ಕಾಸರಗೋಡಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸ್ವಲ್ಪ ತಿದ್ದಿದ್ದೇನೆ, ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಗುಣಾತ್ಮಕ ಅಧ್ಯಯನದ ಪ್ರಬಂಧ ಪರೀಕ್ಷಕರ ಕೈಯಿಂದ ವಾಪಸು ಬಂದಾಗ ಮೆಥಡಾಲಜಿ ಅಧ್ಯಾಯದ ಅಂಚಿನಲ್ಲಿ ಹೆಚ್ಚಾಗಿ ಕಾಣುವ ಷರಾ 'ಸಮರ್ಥನೆ ಸಾಲದು'. ಅದನ್ನು ನೋಡಿದ ಕೂಡಲೇ ನಮ್ಮ ಹುಡುಗರು, ಹುಡುಗಿಯರು ಲೈಬ್ರರಿಗೆ ಓಡುತ್ತಾರೆ. ಇನ್ನೂ ನಾಲ್ಕು ಪಂಡಿತರ ಹೆಸರು, ಇನ್ನೂ ನಾಲ್ಕು ವ್ಯಾಖ್ಯೆ ತಂದು ತುಂಬಿಸುತ್ತಾರೆ. ಅಧ್ಯಾಯ ಎಂಟು ಪುಟ ಇದ್ದದ್ದು ಹದಿನಾಲ್ಕಾಗುತ್ತದೆ. ಷರಾ ಮಾತ್ರ ಎರಡನೇ ಸಲವೂ ಅದೇ. ಪರೀಕ್ಷಕರು ಕೇಳಿದ್ದು 'ಉದ್ದೇಶಪೂರ್ವಕ ಮಾದರಿ ಆಯ್ಕೆ ಎಂದರೇನು' ಅಂತ ಅಲ್ಲ. ಅದು ಅವರಿಗೆ ಗೊತ್ತುಂಟು. ಈ ಪ್ರಶ್ನೆಗೆ, ಈ ಊರಲ್ಲಿ, ಇವರನ್ನೇ ಯಾಕೆ ಮಾತಾಡಿಸಿದಿರಿ, ಬೇರೆಯವರನ್ನು ಯಾಕೆ ಬಿಟ್ಟಿರಿ, ಬಿಟ್ಟದ್ದರಿಂದ ಏನು ಕಾಣದೇ ಹೋಯಿತು ಎಂದು ಅವರು ಕೇಳುತ್ತಿದ್ದಾರೆ.

ಇವತ್ತು ಒಂದೇ ಒಂದು ಉದಾಹರಣೆ ಹಿಡಿದುಕೊಂಡು ಹೋಗುವ. ಇದು ಯಾರ ನಿಜವಾದ ಪ್ರಬಂಧವೂ ಅಲ್ಲ, ಈ ಮಾತಿಗಾಗಿ ನಾನು ಕಟ್ಟಿಕೊಂಡದ್ದು. ಆದರೆ ಇದರಲ್ಲಿರುವ ಒಂದೊಂದು ವಾಕ್ಯವೂ ನಿಮಗೆ ಪರಿಚಿತ ಅನ್ನಿಸಿದರೆ ಆಶ್ಚರ್ಯವಿಲ್ಲ.

ವಿಷಯ ನಮ್ಮ ಮಂಜೇಶ್ವರ ತಾಲೂಕಿನದ್ದು. ಮನೆಯಲ್ಲಿ ತುಳು ಅಥವಾ ಕನ್ನಡ ಮಾತಾಡುವ ತಾಯಂದಿರು ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂದು ಹೇಗೆ ತೀರ್ಮಾನಿಸುತ್ತಾರೆ? ಸಂಶೋಧಕಿ ಕನ್ನಡ ಶಾಲೆಯೊಂದರ ಅಧ್ಯಾಪಿಕೆ. ಅವಳ ಮೊದಲ ಕರಡು ಹೀಗುಂಟು:

"ಈ ಅಧ್ಯಯನದಲ್ಲಿ ಉದ್ದೇಶಪೂರ್ವಕ ಮಾದರಿ ಆಯ್ಕೆಯನ್ನು ಅನುಸರಿಸಲಾಗಿದೆ. 18 ತಾಯಂದಿರನ್ನು ಅರೆ-ರಚಿತ ಸಂದರ್ಶನಕ್ಕೆ ಒಳಪಡಿಸಲಾಯಿತು. ಸ್ಯಾಚುರೇಶನ್ ತಲುಪಿದ್ದರಿಂದ ಸಂದರ್ಶನಗಳನ್ನು ನಿಲ್ಲಿಸಲಾಯಿತು. ದತ್ತಾಂಶವನ್ನು ಬ್ರೌನ್ ಮತ್ತು ಕ್ಲಾರ್ಕ್ ಅವರ ಥೀಮ್ಯಾಟಿಕ್ ವಿಶ್ಲೇಷಣೆಯ ಆರು ಹಂತಗಳಂತೆ ವಿಶ್ಲೇಷಿಸಲಾಗಿದೆ. ವಿಶ್ವಾಸಾರ್ಹತೆಗಾಗಿ ಇನ್ನೊಬ್ಬ ಸಂಶೋಧಕರು ಕೋಡಿಂಗ್ ಮಾಡಿದ್ದು, ಕಪ್ಪಾ ಮೌಲ್ಯ 0.82 ಬಂದಿದೆ."

ವ್ಯಾಕರಣ ಸರಿ, ಶಬ್ದಗಳೂ ಸರಿ. ಆದರೆ ಐದೂ ವಾಕ್ಯಗಳನ್ನು ಎತ್ತಿ ತೆಂಗಿನ ಕೃಷಿಕರ ಮೇಲಿನ ಅಧ್ಯಯನಕ್ಕೆ ಅಂಟಿಸಿದರೂ ನಡೆಯುತ್ತದೆ. ತಾಯಂದಿರು ಎಂಬ ಒಂದು ಶಬ್ದ ಬದಲಿಸಿದರೆ ಸಾಕು. ಸಮರ್ಥನೆ ದುರ್ಬಲ ಎನ್ನಲು ನನಗೆ ಇದಕ್ಕಿಂತ ಸುಲಭದ ಗುರುತು ಬೇಡ.

ಮೊದಲು ಮಾದರಿಯನ್ನು ನೋಡುವ. ಸಂಶೋಧಕಿಯನ್ನು ಕೂರಿಸಿ, "ಈ ಹದಿನೆಂಟು ಜನ ನಿಮಗೆ ಸಿಕ್ಕಿದ್ದು ಹೇಗೆ?" ಎಂದು ಕೇಳಿದರೆ ಕಥೆ ಬೇರೆಯೇ. 11 ಮಂದಿ ಒಂದು ಅನುದಾನಿತ ಕನ್ನಡ ಶಾಲೆಯ ಪಿ.ಟಿ.ಎ. ಪಟ್ಟಿಯಿಂದ ಬಂದವರು, ಮುಖ್ಯೋಪಾಧ್ಯಾಯರು ಫೋನ್ ಮಾಡಿ ಹೇಳಿದವರು. ಉಳಿದ 7 ಮಂದಿ ಆ ತಾಯಂದಿರೇ ತೋರಿಸಿದ ಅಕ್ಕ, ನಾದಿನಿ, ನೆರೆಕರೆಯವರು. ಒಟ್ಟು 18ರಲ್ಲಿ 14 ಮಂದಿಯ ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದಾರೆ, 4 ಮಂದಿಯ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಪ್ರಶ್ನೆ ಆಯ್ಕೆಯ ಬಗ್ಗೆ. ಮಾತಾಡಿದವರು ಹೆಚ್ಚಾಗಿ ಒಂದೇ ಕಡೆ ಆಯ್ದುಕೊಂಡವರು. ಅದರಲ್ಲೂ ಪಿ.ಟಿ.ಎ. ಸಭೆಗೆ ಬರುವಷ್ಟು ಶಾಲೆಗೆ ಹತ್ತಿರದವರು. ಕನ್ನಡ ಮಾಧ್ಯಮಕ್ಕೆ ಸೇರಿಸಿ ಎರಡನೇ ತರಗತಿಯಲ್ಲಿ ಬಿಡಿಸಿದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ, ಅವರ ಹೆಸರು ಟಿ.ಸಿ. ಜೊತೆಗೇ ಹೋಗಿರುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ, ಅದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಮಾದರಿಯ ಘಟಕ ಯಾವುದು? ತಾಯಿಯೋ, ತೀರ್ಮಾನವೋ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಗಲ್ಫಿನಲ್ಲಿ. ಶಾಲೆಯ ಮಾತು ವಾಟ್ಸ್ಆ್ಯಪ್ ಕರೆಯಲ್ಲಿ ತೀರ್ಮಾನವಾಗುತ್ತದೆ. ಕೆಲವು ಮನೆಯಲ್ಲಿ ಅಜ್ಜ ಹೇಳಿದ್ದೇ ಅಂತಿಮ. ಹಾಗಿದ್ದ ಮೇಲೆ ತಾಯಂದಿರನ್ನು ಮಾತ್ರ ಮಾತಾಡಿಸಿದ್ದಕ್ಕೆ ಕಾರಣ ಬೇಕು. ಕಾರಣ ಇಲ್ಲದಿಲ್ಲ: ಫಾರ್ಮು ತುಂಬಿಸುವವಳು, ಬೆಳಿಗ್ಗೆ ಮಗುವನ್ನು ಹೊರಡಿಸುವವಳು, ಸಂಜೆ ಹೋಂವರ್ಕಿಗೆ ಕೂರಿಸುವವಳು ಅವಳೇ. ತೀರ್ಮಾನ ಯಾರದ್ದಾದರೂ ಅದರ ದಿನನಿತ್ಯದ ಭಾರ ಅವಳ ಮೇಲೆ. ಇದು ಒಳ್ಳೆಯ ಸಮರ್ಥನೆ. ಆದರೆ ಇದನ್ನು ಬರೆದ ಕೂಡಲೇ ಒಂದು ಮಿತಿಯನ್ನೂ ಬರೆಯಬೇಕಾಗುತ್ತದೆ. ಅಪ್ಪನ ಕಾರಣಗಳು ಈ ಅಧ್ಯಯನದಲ್ಲಿ ತಾಯಿಯ ಬಾಯಿಂದ ಬಂದಷ್ಟೇ.

ಈಗ ಏನು ಮಾಡುವುದು? ದಾರಿ ಎರಡುಂಟು. ಸಮಯವಿದ್ದರೆ ಕ್ಷೇತ್ರಕ್ಕೆ ವಾಪಸು ಹೋಗಿ, ಪಿ.ಟಿ.ಎ. ಪಟ್ಟಿಯ ಹೊರಗಿನವರನ್ನು ಹುಡುಕುವುದು. ಅಂಗನವಾಡಿ ಟೀಚರಿಗೆ ಒಂದನೇ ತರಗತಿಗೆ ಹೋಗುವ ಮೊದಲಿನ ಎಲ್ಲ ಮಕ್ಕಳೂ ಗೊತ್ತು, ಯಾವ ಮಗು ಆಮೇಲೆ ಎಲ್ಲಿಗೆ ಹೋಯಿತು ಎಂಬುದೂ ಗೊತ್ತು. ಮಹಿಳೆಯರ ಕುಟುಂಬಶ್ರೀ ಸಂಘದ ಸಭೆಯಲ್ಲಿ ಎರಡೂ ಬಗೆಯ ಶಾಲೆಯ ತಾಯಂದಿರು ಒಟ್ಟಿಗೆ ಕೂರುತ್ತಾರೆ. ಈ ಬಾಗಿಲುಗಳು ಶಾಲೆಯ ಬಾಗಿಲಿನ ಹಾಗಲ್ಲ. ನಮ್ಮ ಉದಾಹರಣೆಯ ಸಂಶೋಧಕಿ ಹೀಗೆ ಇನ್ನೂ 6 ಮಂದಿಯನ್ನು ಹುಡುಕಿದಳು ಎಂದಿಟ್ಟುಕೊಳ್ಳಿ: 3 ಮಂದಿ ಮೊದಲಿಂದಲೇ ಇಂಗ್ಲಿಷ್ ಮಾಧ್ಯಮ, 3 ಮಂದಿ ನಡುವೆ ಬದಲಿಸಿದವರು.

ಎರಡನೇ ದಾರಿ, ವಾಪಸು ಹೋಗಲು ಆಗದಿದ್ದರೆ, ಪ್ರಶ್ನೆಯನ್ನೇ ಕುಗ್ಗಿಸುವುದು. 'ಹೇಗೆ ಆಯ್ದುಕೊಳ್ಳುತ್ತಾರೆ' ಎಂಬುದನ್ನು ಬಿಟ್ಟು 'ಕನ್ನಡ ಮಾಧ್ಯಮದಲ್ಲೇ ಉಳಿದವರು ಉಳಿದದ್ದನ್ನು ಹೇಗೆ ವಿವರಿಸುತ್ತಾರೆ' ಎಂದು ಮಾಡಿದರೆ ಅದೇ ಮಾದರಿ ಪೂರಾ ಗಟ್ಟಿಯಾಗುತ್ತದೆ. ಹಾಗೆ ಮಾಡಿದರೆ ಇಂಗ್ಲಿಷ್ ಮಾಧ್ಯಮದ 4 ಸಂದರ್ಶನ ಹೋಲಿಕೆಗೆ ಮಾತ್ರ. ವಿದ್ಯಾರ್ಥಿಗಳಿಗೆ ಇದು ಸೋಲಿನಂತೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ದೊಡ್ಡ ಪ್ರಶ್ನೆಗೆ ಓರೆ ಮಾದರಿ ಇಟ್ಟುಕೊಂಡು ವೈವಾದಲ್ಲಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಸ್ಯಾಚುರೇಶನ್. ಈ ಶಬ್ದಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಪ್ರಬಂಧಗಳಲ್ಲಿ ಇದರಷ್ಟು ಸವೆದ ನಾಣ್ಯ ಇನ್ನೊಂದಿಲ್ಲ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಹೇಳಿದ್ದು ಸಿದ್ಧಾಂತ ಕಟ್ಟುವ ಕೆಲಸದ ಸಂದರ್ಭದಲ್ಲಿ: ಒಂದು ಪರಿಕಲ್ಪನೆಯ ಬಗ್ಗೆ ಹೊಸ ದತ್ತಾಂಶ ಹೊಸ ಗುಣವೇನನ್ನೂ ತೋರಿಸದಿದ್ದಾಗ ಅದು ತುಂಬಿತು ಎಂದು. ಅದಕ್ಕೆ ಮಾದರಿ ಆಯ್ಕೆಯೂ ವಿಶ್ಲೇಷಣೆಯೂ ಒಟ್ಟೊಟ್ಟಿಗೆ ನಡೆಯಬೇಕು. ನಮ್ಮವರು ಎಲ್ಲ ಸಂದರ್ಶನ ಮುಗಿಸಿ, ಎಲ್ಲ ಬರೆದಿಳಿಸಿ, ಆಮೇಲೆ ಕೋಡಿಂಗ್, ಅಂದರೆ ಮಾತಿನ ತುಣುಕುಗಳಿಗೆ ಅರ್ಥದ ಹೆಸರು ಹಚ್ಚುವ ಕೆಲಸ, ಶುರು ಮಾಡುತ್ತಾರೆ. ಹಾಗಿದ್ದ ಮೇಲೆ ತುಂಬಿದ್ದು ಗೊತ್ತಾದದ್ದು ಯಾವಾಗ? ಪರೀಕ್ಷಕರು ಇದೊಂದನ್ನು ಕೇಳಿದರೆ ಉತ್ತರವಿಲ್ಲ.

ಇನ್ನು ಕೆಲವರು 'ಹನ್ನೆರಡು ಸಂದರ್ಶನ ಸಾಕು ಅಂತ ಗೆಸ್ಟ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದಾರೆ, ನನ್ನದು ಹದಿನೆಂಟು' ಎನ್ನುತ್ತಾರೆ. ಅವರು ಹಾಗೆ ಸಾರಾಸಗಟು ಹೇಳಿಲ್ಲ. ಘಾನಾ ಮತ್ತು ನೈಜೀರಿಯಾದ ಮಹಿಳೆಯರ 60 ಸಂದರ್ಶನಗಳಲ್ಲಿ ಹೊಸ ಕೋಡುಗಳು ಎಲ್ಲಿಯವರೆಗೆ ಬಂದವು ಎಂದು ಲೆಕ್ಕ ಹಾಕಿ, ಹೆಚ್ಚಿನವು ಮೊದಲ 12ರಲ್ಲೇ ಬಂದಿದ್ದವು ಎಂದು ಕಂಡರು. ಅಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು, ಜನರೂ ಸುಮಾರಾಗಿ ಒಂದೇ ತರಹದವರು. ಆ ಷರತ್ತುಗಳನ್ನು ಅವರೇ ಹೇಳಿದ್ದಾರೆ. ನಿಮ್ಮ ಅಧ್ಯಯನದಲ್ಲಿ ಮೂರು ಬಗೆಯ ತಾಯಂದಿರಿದ್ದರೆ, ಆ ಸಂಖ್ಯೆಯನ್ನು ಹಾಗೇ ಎತ್ತಿ ತರಲಿಕ್ಕೆ ಆಗುವುದಿಲ್ಲ.

ನಮ್ಮ ಸಂಶೋಧಕಿ ತನ್ನ ಕೋಡುಗಳನ್ನು ಸಂದರ್ಶನದ ಕ್ರಮದಲ್ಲಿ ಪಟ್ಟಿ ಮಾಡಿ ನೋಡಿದಳು. ಒಂದೊಂದು ಕೋಡು ಮೊದಲ ಸಲ ಎಷ್ಟನೇ ಸಂದರ್ಶನದಲ್ಲಿ ಕಾಣಿಸಿತು ಎಂಬುದಷ್ಟೇ, ಒಂದು ಹಾಳೆಯ ಕೆಲಸ. 15ರಿಂದ 18ರವರೆಗೆ ಹೊಸತೇನೂ ಇರಲಿಲ್ಲ. ಅಂದರೆ ಮೊದಲ ಕರಡಿನ ಮಾತು ಸುಳ್ಳಾಗಿರಲಿಲ್ಲ. ಆದರೆ ಅಂಗನವಾಡಿಯ ದಾರಿಯಿಂದ ಸಿಕ್ಕ 19 ಮತ್ತು 20ನೆಯವರು ಬಾಯಿ ತೆರೆದ ಕೂಡಲೇ ಹೊಸ ಕೋಡುಗಳು ಬಂದವು: ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆಯಾಗಿ ಶಾಲೆಯೇ ಮುಚ್ಚಿದರೆ ಎಂಬ ಭಯ, ನಾಳೆ ಸರ್ಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಮಲಯಾಳಂ ಬೇಕಲ್ಲ ಎಂಬ ಲೆಕ್ಕ. ಇವು ಪಿ.ಟಿ.ಎ. ವರ್ತುಲದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಮೊದಲು ತುಂಬಿದ್ದು ಆ ವರ್ತುಲ ಮಾತ್ರ. ಈ ಪಟ್ಟಿಯನ್ನು ಪ್ರಬಂಧದಲ್ಲಿ ಹಾಕಿದರೆ 'ಸ್ಯಾಚುರೇಶನ್ ತಲುಪಿತು' ಎಂಬ ವಾಕ್ಯದ ಅಗತ್ಯವೇ ಬರುವುದಿಲ್ಲ.

ಆ ಶಬ್ದವನ್ನು ಪೂರ್ತಿ ಬಿಟ್ಟು ಸಂಖ್ಯೆಯನ್ನು ಸಮರ್ಥಿಸಲು ಬೇರೆ ದಾರಿಯೂ ಉಂಟು. ಮಾಲ್ಟರೂಡ್ ಮತ್ತು ಸಂಗಡಿಗರು 2016ರಲ್ಲಿ 'ಮಾಹಿತಿಯ ಬಲ' ಎಂಬ ಯೋಚನೆ ಮುಂದಿಟ್ಟರು. ಗುರಿ ಎಷ್ಟು ಕಿರಿದು, ಮಾತಾಡಿದವರು ವಿಷಯಕ್ಕೆ ಎಷ್ಟು ಹತ್ತಿರದವರು, ಕೈಯಲ್ಲಿ ಸಿದ್ಧಾಂತದ ಆಸರೆ ಉಂಟೋ, ಮಾತುಕತೆ ಎಷ್ಟು ಆಳ, ವಿಶ್ಲೇಷಣೆ ಒಬ್ಬೊಬ್ಬರ ಕಥೆಯದ್ದೋ ಎಲ್ಲರ ನಡುವಿನ ಹೋಲಿಕೆಯದ್ದೋ ಎಂಬ ಐದು ವಿಷಯ ನೋಡಿ ಎಷ್ಟು ಜನ ಬೇಕೆಂದು ಅಂದಾಜಿಸುವುದು. ನಮ್ಮ ಉದಾಹರಣೆಗೆ ಗುರಿ ಕಿರಿದು, ಜನ ತಕ್ಕವರು, ಇವೆರಡೂ ಕಡಿಮೆ ಸಂಖ್ಯೆಯ ಕಡೆಗೆ ಎಳೆಯುತ್ತವೆ. ಮೂರು ಗುಂಪುಗಳ ಹೋಲಿಕೆ ಇರುವುದರಿಂದ ಸಂಖ್ಯೆ ಹೆಚ್ಚು ಬೇಕಾಗುತ್ತದೆ. ಹೀಗೆ ಎರಡೂ ಕಡೆ ಎಳೆಯುವುದನ್ನು ಬರೆದರೆ ಓದುವವರಿಗೆ ನಂಬಿಕೆ ಬರುತ್ತದೆ. ಎಲ್ಲ ಐದೂ ನಿಮ್ಮ ಪರವಾಗಿಯೇ ಬಂದರೆ ನನಗಂತೂ ಅನುಮಾನ.

ಮತ್ತೆ, ರಜೆ ಮುಗಿದದ್ದಕ್ಕೇ ನಿಲ್ಲಿಸಿದ್ದರೆ ರಜೆ ಮುಗಿಯಿತು ಎಂದೇ ಬರೆಯಿರಿ ಮಾರಾಯ್ರೇ. ಅದು ಅಪರಾಧ ಅಲ್ಲ. ನಿಲ್ಲಿಸಿದಾಗ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಅದರ ಪಕ್ಕದಲ್ಲೇ ಬರೆದರಾಯಿತು.

ಸಂದರ್ಶನದ ವಿಷಯಕ್ಕೆ ಬರುವ. 'ಅರೆ-ರಚಿತ' ಎಂದರೆ ಒಂದು ಬಗೆಯ ಹೆಸರು, ಸಮರ್ಥನೆ ಅಲ್ಲ. ಗುಂಪು ಚರ್ಚೆ ಯಾಕೆ ಬೇಡವಾಯಿತು? ನಮ್ಮ ಊರಲ್ಲಿ ಹತ್ತು ಜನರ ಎದುರು 'ನನ್ನ ಮಗ ಇಂಗ್ಲಿಷ್ ಮೀಡಿಯಂ' ಎನ್ನುವಾಗ ಒಂದು ಬಗೆಯ ಜವಾಬು ಕೊಡಬೇಕಾಗುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಕನ್ನಡದ ಮಾತು ಬರೀ ಶಾಲೆಯ ಮಾತಾಗಿ ಉಳಿದಿಲ್ಲ. ಅಭಿಮಾನದ ಪ್ರಶ್ನೆ ಎದ್ದ ಕಡೆ ತಾಯಿ ಫೀಸಿನ ಕಷ್ಟ ಹೇಳುವುದಿಲ್ಲ, ಘೋಷಣೆ ಹೇಳುತ್ತಾಳೆ. ಹಾಗಾಗಿ ಒಬ್ಬೊಬ್ಬರೇ. ಇದು ಈ ನೆಲಕ್ಕೆ ಮಾತ್ರ ಹೊಂದುವ ಕಾರಣ, ಹಾಗಾಗಿಯೇ ಗಟ್ಟಿ.

ಆದರೆ ಒಬ್ಬೊಬ್ಬರೇ ಇದ್ದರೂ ಎದುರಿಗೆ ಕೂತವಳು ಕನ್ನಡ ಅಧ್ಯಾಪಿಕೆ. ತಾಯಂದಿರು ಅವಳನ್ನು 'ಟೀಚರೇ' ಎಂದೇ ಕರೆಯುವುದು. 'ನೀವು ಕನ್ನಡ ಮಾಧ್ಯಮ ಯಾಕೆ ಆರಿಸಿಕೊಂಡಿರಿ?' ಎಂದು ಅವಳು ಕೇಳಿದರೆ ಮಾತೃಭಾಷೆಯ ಮಹಿಮೆ ಬಿಟ್ಟು ಬೇರೇನು ಬರಬೇಕು? ಮೊದಲ ನಾಲ್ಕು ಸಂದರ್ಶನಗಳಲ್ಲಿ ಹಾಗೇ ಆಯಿತು, ನಾಲ್ಕರಲ್ಲೂ ಭಾಷಣದ ಧಾಟಿ. ಐದನೆಯದರಿಂದ ಅವಳು ಪ್ರಶ್ನೆ ಬದಲಿಸಿದಳು: 'ಮಗುವಿಗೆ ಐದು ವರ್ಷ ಆದ ಆ ವರ್ಷ ಮನೆಯಲ್ಲಿ ಶಾಲೆಯ ವಿಷಯ ಮೊದಲು ಎತ್ತಿದ್ದು ಯಾರು? ಆಮೇಲೆ ಏನೇನಾಯಿತು, ಹೇಳಿ.' ಯಾಕೆ ಎಂದು ಕೇಳಿದರೆ ಮನುಷ್ಯರು ಸಮರ್ಥಿಸಿಕೊಳ್ಳುತ್ತಾರೆ, ಏನಾಯಿತು ಎಂದು ಕೇಳಿದರೆ ನೆನಪು ಮಾಡಿಕೊಳ್ಳುತ್ತಾರೆ. ಮಾತು ಭಾಷೆಯಿಂದ ಬಸ್ಸಿಗೆ, ಬಸ್ಸಿನಿಂದ ಬೀಡಿ ಕಟ್ಟುವ ಹೊತ್ತಿಗೆ, ಅತ್ತೆಯ ಕಾಯಿಲೆಗೆ ಇಳಿಯಿತು.

ಈ ಬದಲಾವಣೆಯನ್ನು ಮೊದಲ ಕರಡು ಮುಚ್ಚಿಟ್ಟಿತ್ತು. ಒಂದೇ ಪ್ರಶ್ನಾವಳಿ ಎಲ್ಲರಿಗೂ ಬಳಸಿದೆ ಎಂಬ ಭಾವನೆ ಬರುವಂತೆ ಬರೆದಿತ್ತು. ಗುಣಾತ್ಮಕ ಕೆಲಸದಲ್ಲಿ ನಡುವೆ ಪ್ರಶ್ನೆ ತಿದ್ದುವುದು ತಪ್ಪಲ್ಲ, ತಿದ್ದಿದ್ದು ಯಾವಾಗ, ಏನು ಕಂಡು ಎಂದು ಹೇಳದಿರುವುದು ತಪ್ಪು. ಹಳೆಯ ಮತ್ತು ಹೊಸ ಪ್ರಶ್ನೆಗಳೆರಡೂ ಅನುಬಂಧದಲ್ಲಿ ಇರಬೇಕು, ಮತ್ತು ಮೊದಲ ನಾಲ್ಕು ಸಂದರ್ಶನಗಳನ್ನು ವಿಶ್ಲೇಷಣೆಯಲ್ಲಿ ಹೇಗೆ ಬಳಸಿದಿರಿ ಎಂಬುದೂ ಇರಬೇಕು. ಅವಳು ಅವುಗಳನ್ನು ಬಿಸಾಡಲಿಲ್ಲ, 'ಅಧ್ಯಾಪಿಕೆಯ ಎದುರು ಹೇಳಬೇಕಾದದ್ದು ಏನೆಂದು ತಾಯಂದಿರು ಭಾವಿಸಿದ್ದಾರೆ' ಎಂಬುದಕ್ಕೆ ಸಾಕ್ಷ್ಯವಾಗಿ ಇಟ್ಟುಕೊಂಡಳು. ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂತಿದ್ದ ಸಂದರ್ಶನ ಯಾವುದು ಎಂಬ ಗುರುತೂ ಬೇಕು. ಸಂದರ್ಶನ ತುಳುವಿನಲ್ಲಿ ನಡೆದು, ಬರೆದಿಳಿಸಿದ್ದು ಕನ್ನಡ ಲಿಪಿಯಲ್ಲಿ ತುಳುವೇ ಆಗಿದ್ದರೆ ಹಾಗೆಂದು ಹೇಳಿ. ಬರೆಯುವಾಗಲೇ ಕನ್ನಡಕ್ಕೆ ತಿರುಗಿಸಿದ್ದರೆ ಅದನ್ನೂ ಹೇಳಿ.

ಕೋಡಿಂಗಿನಲ್ಲಿ ಮೊದಲ ಕರಡಿಗೆ ಬಿದ್ದ ಪೆಟ್ಟು ದೊಡ್ಡದು. ಬ್ರೌನ್ ಮತ್ತು ಕ್ಲಾರ್ಕ್ ಅವರ 2006ರ ಲೇಖನದ ಆರು ಹಂತ ಎಲ್ಲರಿಗೂ ಬಾಯಿಪಾಠ. ಆಮೇಲೆ ಅವರು ತಮ್ಮ ವಿಧಾನಕ್ಕೆ ರಿಫ್ಲೆಕ್ಸಿವ್ ಥೀಮ್ಯಾಟಿಕ್ ವಿಶ್ಲೇಷಣೆ ಎಂದು ಹೆಸರಿಟ್ಟು, ಎರಡು ಜನ ಕೋಡ್ ಮಾಡಿ ಒಮ್ಮತ ಅಳೆಯುವುದು ತಮ್ಮ ವಿಧಾನದ ಮೂಲ ನಂಬಿಕೆಗೇ ಹೊಂದುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಅವರ ಪ್ರಕಾರ ಕೋಡಿಂಗ್ ಎಂದರೆ ಸಂಶೋಧಕಿ ತನ್ನ ಅರಿವಿನಿಂದ ಮಾಡುವ ಓದು, ಇಬ್ಬರ ಓದು ಒಂದೇ ಆಗಬೇಕಾಗಿಲ್ಲ. ಕಪ್ಪಾ ಅಳೆಯುವುದು ಅದಕ್ಕೆ ವಿರುದ್ಧದ ವಿಷಯವನ್ನು: ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ಇಬ್ಬರು ಎಷ್ಟು ಒಪ್ಪಿದರು ಎಂದು. ನಮ್ಮ ಕರಡಿನ ಕೊನೆಯ ಎರಡು ವಾಕ್ಯಗಳು ಒಂದನ್ನೊಂದು ಹೊಡೆಯುತ್ತವೆ. ಈ ವಿಷಯ ಗೊತ್ತಿರುವ ಪರೀಕ್ಷಕರಿಗೆ ಅದು ಮೊದಲ ಓದಿಗೇ ಕಾಣುತ್ತದೆ.

0.82 ಒಳ್ಳೆಯ ಅಂಕೆಯಲ್ಲವೇ ಎನ್ನಬಹುದು. ಯಾವ ಕೋಡುಗಳ ಮೇಲೆ ಬಂತು ನೋಡಿ: ಫೀಸು, ಬಸ್ಸು, ದೂರ. ಈ ಶಬ್ದಗಳು ವಾಕ್ಯದಲ್ಲೇ ಇವೆ, ಯಾರು ಓದಿದರೂ ಸಿಗುತ್ತವೆ. ಅಂಕೆ ಮೇಲೇರಿದ್ದು ಕೋಡು ಮೇಲ್ಪದರದಲ್ಲಿ ನಿಂತದ್ದರಿಂದ.

ಒಂದು ತುಣುಕನ್ನು ಹಿಡಿದು ತೋರಿಸುತ್ತೇನೆ. ಒಬ್ಬ ತಾಯಿ ಹೇಳುತ್ತಾಳೆ: "ಗಾಡಿ ಮನೆ ಗೇಟಿಗೇ ಬರ್ತದೆ ಟೀಚರೇ. ನನಗೆ ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೊರಡ್ಲಿಕ್ಕೆ ಆಗುದಿಲ್ಲ." ಮೊದಲ ಕೋಡು 'ಸಾರಿಗೆ ಸೌಕರ್ಯ'. ಇನ್ನೊಬ್ಬಳು: "ಇಲ್ಲಿ ಕನ್ನಡ ಶಾಲೆ ಹತ್ತಿರವೇ, ಆದ್ರೆ ತೋಡು ದಾಟ್ಬೇಕು. ಮಳೆಗಾಲ ನಾನೇ ಹೋಗ್ಬೇಕು, ಬೀಡಿ ಯಾರು ಕಟ್ಟುದು?" ಅದು 'ದೂರ' ಎಂದು ಕೋಡ್ ಆಗಿತ್ತು, ಅವಳೇ ಹತ್ತಿರ ಎಂದಿದ್ದರೂ! ಎರಡನ್ನೂ ಪಕ್ಕದಲ್ಲಿಟ್ಟಾಗ ಕೋಡು 'ತಾಯಿಯ ಹೊತ್ತು ಯಾರದ್ದು' ಎಂದು ಬದಲಾಯಿತು. ಮತ್ತೆ ಎಲ್ಲ 24 ಸಂದರ್ಶನಗಳನ್ನು ಈ ಕಣ್ಣಿನಿಂದ ಓದಿದಾಗ, ಮಾಧ್ಯಮದ ಆಯ್ಕೆ ಎಂದು ನಾವು ಕರೆಯುವುದು ಕೆಲವು ಮನೆಗಳಲ್ಲಿ ಭಾಷೆಯ ತೀರ್ಮಾನವೇ ಅಲ್ಲ, ತಾಯಿಯ ದಿನದ ಎರಡು ಗಂಟೆಯ ತೀರ್ಮಾನ ಎಂಬ ಥೀಮ್ ಗೋಚರಿಸಿತು. ಅದಕ್ಕೆ ಹೊಂದದ ಇಬ್ಬರೂ ಇದ್ದರು: ಎಲ್ಲ ತೊಂದರೆ ಇದ್ದೂ ದಿನಾ ನಡೆದು ಕನ್ನಡ ಶಾಲೆಗೇ ಬಿಡುವವರು. ಆ ಇಬ್ಬರ ಬಗ್ಗೆ ಒಂದು ಪುಟ ಬರೆದದ್ದರಿಂದ ಥೀಮ್‌ಗೆ ಎಲ್ಲಿಯವರೆಗೆ ಬಲ ಉಂಟು ಎಂದು ತಿಳಿಯಿತು.

ಕೋಡಿಂಗಿನ ಸಮರ್ಥನೆ ಎಂದರೆ ಇದನ್ನು ತೋರಿಸುವುದು. ಆರು ಹಂತಗಳ ಹೆಸರು ಬರೆದರೆ ಸಾಲದು. ಹಾಗಾದರೆ ಕಪ್ಪಾವನ್ನು ಅಳಿಸಿಬಿಡಬೇಕೇ? ಮಾಡಿದ್ದನ್ನು ಮಾಡಿಲ್ಲ ಎನ್ನುವ ಹಾಗಿಲ್ಲ. ಬದಲಾದ ಕರಡು ಹೀಗೆ ಬಂತು:

"ಮೊದಲ 18 ತಾಯಂದಿರು ಒಂದು ಕನ್ನಡ ಶಾಲೆಯ ಪಿ.ಟಿ.ಎ. ಮತ್ತು ಅಲ್ಲಿನ ತಾಯಂದಿರ ಪರಿಚಯದ ಮೂಲಕ ಸಿಕ್ಕಿದವರು. ಇದರಿಂದ ಶಾಲೆ ಬಿಡಿಸಿದವರ ದನಿ ತಪ್ಪಿಹೋಗುವುದನ್ನು ಗಮನಿಸಿ, ಅಂಗನವಾಡಿ ಮತ್ತು ಕುಟುಂಬಶ್ರೀ ಮೂಲಕ ಇನ್ನೂ 6 ಮಂದಿಯನ್ನು ಸೇರಿಸಲಾಯಿತು. ಕೋಡುಗಳು ಮೊದಲು ಕಾಣಿಸಿದ ಕ್ರಮ ಅನುಬಂಧದಲ್ಲಿದೆ. ಇಂಗ್ಲಿಷ್ ಮಾಧ್ಯಮದ ತಾಯಂದಿರು ಕಡಿಮೆ ಇರುವುದರಿಂದ ಅವರ ಬಗೆಗಿನ ತೀರ್ಮಾನಗಳನ್ನು ಹೆಚ್ಚು ಎಚ್ಚರದಿಂದ ಓದಬೇಕು. ನಾನು ಕನ್ನಡ ಅಧ್ಯಾಪಿಕೆ ಎಂಬುದು ಮೊದಲ ನಾಲ್ಕು ಸಂದರ್ಶನಗಳ ಉತ್ತರವನ್ನು ರೂಪಿಸಿತು, ಐದನೆಯದರಿಂದ ಕಾರಣ ಕೇಳುವುದನ್ನು ಬಿಟ್ಟು ಘಟನೆ ಕೇಳಿದೆ. ಆರಂಭದಲ್ಲಿ ಸಹೋದ್ಯೋಗಿಯೊಬ್ಬರು 5 ಸಂದರ್ಶನಗಳನ್ನು ಪ್ರತ್ಯೇಕವಾಗಿ ಕೋಡ್ ಮಾಡಿದರು. ಒಮ್ಮತದ ಅಂಕೆಯನ್ನು ನಾನು ಗುಣಮಟ್ಟದ ಪುರಾವೆಯಾಗಿ ಬಳಸಿಲ್ಲ, ನಮ್ಮಿಬ್ಬರ ಓದು ಬೇರೆಯಾದ ಕಡೆಗಳನ್ನು ಕೋಡು ಬದಲಿಸಲು ಬಳಸಿದ್ದೇನೆ."

'ಲಾಗಿದೆ, ಲಾಯಿತು' ಕಡಿಮೆಯಾಗಿ 'ನಾನು' ಬಂದದ್ದನ್ನು ನೋಡಿ. ಕೆಲವು ಗೈಡುಗಳಿಗೆ ಇದು ಹಿಡಿಸುವುದಿಲ್ಲ, ಅವರ ಜೊತೆ ಜಗಳ ಬೇಡ, 'ಸಂಶೋಧಕಿ' ಎಂದು ಬರೆದರೂ ನಡೆಯುತ್ತದೆ. ಯಾರು ತೀರ್ಮಾನ ಮಾಡಿದರು ಎಂಬುದು ಮಾತ್ರ ಕಾಣಬೇಕು. ಕಪ್ಪಾವನ್ನೇ ಇಟ್ಟುಕೊಳ್ಳಬೇಕೆಂಬ ಹಠ ಇದ್ದರೆ ಅದಕ್ಕೂ ಮರ್ಯಾದೆಯ ದಾರಿ ಉಂಟು: ರಿಫ್ಲೆಕ್ಸಿವ್ ಎಂಬ ಹೆಸರು ಬಿಟ್ಟು ಕೋಡ್‌ಬುಕ್ ಇಟ್ಟುಕೊಂಡು ಮಾಡುವ ವಿಧಾನವನ್ನು ಹೆಸರಿಸಿ, ಕೋಡ್‌ಬುಕ್ ಹೇಗೆ ಹುಟ್ಟಿತು, ಎಷ್ಟು ಭಾಗವನ್ನು ಇಬ್ಬರೂ ಮಾಡಿದರು, ಎರಡನೆಯವರಿಗೆ ತುಳು ಬರುತ್ತದೆಯೇ ಎಂಬುದನ್ನೆಲ್ಲ ಬರೆಯಬೇಕಾಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಸರ್, ಕೆಲಸ ಮುಗಿಸಿದ ಮೇಲೆ ಕೂತು ಕಾರಣ ಹುಡುಕಿ ಬರೆಯುವುದು ಸುಳ್ಳು ಹೇಳಿದ ಹಾಗಲ್ವಾ?"

ಆಗುತ್ತದೆ, ಆಗ ಇರದಿದ್ದ ಕಾರಣವನ್ನು ಆಗಲೇ ಇತ್ತು ಎಂದು ಬರೆದರೆ. ಅನುಕೂಲಕ್ಕೆ ಸಿಕ್ಕವರನ್ನು ಮಾತಾಡಿಸಿ ಆಮೇಲೆ 'ಗರಿಷ್ಠ ವೈವಿಧ್ಯದ ಮಾದರಿ' ಎಂದು ಹೆಸರಿಡುವುದು ಆ ಜಾತಿಯದ್ದು. ಅದನ್ನು ಪತ್ತೆ ಮಾಡುವುದೂ ಸುಲಭ, ಮಾತಾಡಿದವರ ವಿವರದ ಕೋಷ್ಟಕದಲ್ಲಿ ವೈವಿಧ್ಯವೇ ಇರುವುದಿಲ್ಲ. ಆದರೆ 'ಇವರು ಅನುಕೂಲಕ್ಕೆ ಸಿಕ್ಕವರು, ಇಂಥವರಿಂದ ಇಷ್ಟು ಮಾತ್ರ ತಿಳಿಯಬಹುದು, ಇಂಥ ತೀರ್ಮಾನಕ್ಕೆ ಈ ಮಾದರಿ ಸಾಲದು' ಎಂಬ ಮಾತನ್ನು ಕೊನೆಯ ದಿನ ಬರೆದರೂ ಅದು ನಿಜವೇ. ಇದಕ್ಕೆ ಡೈರಿ ಬೇಕು. ಯಾರನ್ನು ಯಾವ ದಾರಿಯಿಂದ ಕಂಡೆ, ಯಾರು ಬರುವುದಿಲ್ಲ ಎಂದರು, ಪ್ರಶ್ನೆ ಯಾವಾಗ ಬದಲಾಯಿತು, ಕೋಡಿನ ಹೆಸರು ಯಾವಾಗ ತಿದ್ದಿದೆ. ಅದು ಇಲ್ಲದವರು ರೆಕಾರ್ಡಿಂಗ್ ಫೈಲುಗಳ ದಿನಾಂಕ, ಫೋನಿನ ಮೆಸೇಜುಗಳು, ಹಳೆಯ ಕರಡುಗಳನ್ನು ಇಟ್ಟುಕೊಂಡು ಆ ಕ್ರಮವನ್ನು ಮತ್ತೆ ಕಟ್ಟಬಹುದು. ಹಾಗೆ ಕಟ್ಟಿದ್ದರೆ, ಆಮೇಲೆ ಕಟ್ಟಿದ್ದು ಎಂಬುದನ್ನೂ ಅಧ್ಯಾಯದಲ್ಲಿ ಒಂದು ಸಾಲು ಬರೆಯಿರಿ ಎಂದೆ.